ಲಕ್ಷಕ್ಕೆ ದಿನಕ್ಕೆ ಮೂವತ್ತು ರೂಪಾಯಿ

ಕ್ಯಾಶ್ ಕ್ರೆಡಿಟ್ ಖಾತೆಗೆ ಬ್ಯಾಂಕು ಹಾಕಿದ ಬಡ್ಡಿಯಲ್ಲಿ ತಪ್ಪು ನುಸುಳುವುದು ಹೆಚ್ಚಾಗಿ ತಾರೀಖಿನ ದಾರಿಯಿಂದ. ವಡಾಲದ ಇಂಡಸ್ಟ್ರಿಯಲ್ ಎಸ್ಟೇಟುಗಳ ಸಣ್ಣ ಗಾಲಾಗಳಲ್ಲಿ ಇಷ್ಟು ವರ್ಷ ಲೆಕ್ಕ ಬರೆದ ಮೇಲೆ ನನಗೆ ಖಚಿತವಾಗಿರುವ ಸಂಗತಿ ಇದು. ದರವನ್ನು ಎಲ್ಲರೂ ನೋಡುತ್ತಾರೆ, ಅದು ಮಂಜೂರಾತಿ ಪತ್ರದಲ್ಲಿ ದಪ್ಪಕ್ಷರದಲ್ಲಿ ಇರುತ್ತದೆ. ಯಾವ ಮೊತ್ತ ಯಾವ ದಿನದಿಂದ ಲೆಕ್ಕಕ್ಕೆ ಬಂತು ಎಂಬುದನ್ನು ನೋಡುವವರು ಕಡಿಮೆ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಬಡ್ಡಿ ಬೀಳುತ್ತಿದ್ದುದು ಮೂರು ತಿಂಗಳಿಗೊಮ್ಮೆ: ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್. ಕೃಷಿ ಸಾಲ ಬಿಟ್ಟು ಉಳಿದ ಸಾಲಗಳಿಗೆ ತಿಂಗಳು ತಿಂಗಳು ಬಡ್ಡಿ ಹಾಕುವ ಪದ್ಧತಿ ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಬಂದದ್ದು 2002ರ ಏಪ್ರಿಲ್ 1ರಿಂದ. ಆಗ ಮಾಲೀಕರು ‘ದರ ಅದೇ ಅಲ್ಲವಾ, ನಮಗೇನು’ ಎಂದಿದ್ದರು. ದರ ಅದೇ, ಆದರೆ ಬಡ್ಡಿಯ ಮೇಲೆ ಬಡ್ಡಿ ಬೇಗ ಏರುತ್ತದೆ. ಶೇ. 12ರ ದರದಲ್ಲಿ ಹತ್ತು ಲಕ್ಷ ವರ್ಷವಿಡೀ ಬಾಕಿ ಇದ್ದರೆ ತ್ರೈಮಾಸಿಕ ಲೆಕ್ಕದಲ್ಲಿ ಬಡ್ಡಿ ₹1,25,509. ಮಾಸಿಕ ಲೆಕ್ಕದಲ್ಲಿ ₹1,26,825. ವ್ಯತ್ಯಾಸ ದೊಡ್ಡದಲ್ಲ. ತಾಳೆ ನೋಡುವವನಿಗೆ ಮಾತ್ರ ಇದರಿಂದ ದೊಡ್ಡ ಉಪಕಾರವಾಯಿತು. ತೊಂಬತ್ತು ದಿನಗಳಲ್ಲಿ ಅಡಗಿದ ತಪ್ಪನ್ನು ಹುಡುಕುವುದು ಬೇರೆ, ಮೂವತ್ತು ದಿನಗಳಲ್ಲಿ ಹುಡುಕುವುದು ಬೇರೆ.

ಆಗಿನ ಬ್ಯಾಂಕಿನ ಲೆಡ್ಜರನ್ನು ಕಂಡವರಿಗೆ ನೆನಪಿರಬಹುದು. ಖರ್ಚು, ಜಮಾ, ಬಾಕಿ, ಆಮೇಲೆ ಎರಡು ಸಪೂರ ಕಾಲಮ್ಮುಗಳು: ‘ಡೇಸ್’ ಮತ್ತು ‘ಪ್ರಾಡಕ್ಟ್’. ಬಾಕಿ ಎಷ್ಟು ದಿನ ಬದಲಾಗದೆ ನಿಂತಿತೋ ಅಷ್ಟರಿಂದ ಗುಣಿಸಿದರೆ ಪ್ರಾಡಕ್ಟ್. ಕೈಯಲ್ಲಿ ಬರೆಯುವ ಕಾಲವಾದ್ದರಿಂದ ಕೊನೆಯ ಮೂರು ಅಂಕಿಗಳನ್ನು ಬಿಟ್ಟು ಸಾವಿರದ ಲೆಕ್ಕದಲ್ಲಿ ಬರೆಯುತ್ತಿದ್ದರು. ಹನ್ನೆರಡು ಲಕ್ಷ ನಾಲ್ಕು ದಿನ ನಿಂತರೆ 4,800. ಕೊನೆಗೆ ಎಲ್ಲವನ್ನೂ ಕೂಡಿ, ದರದಿಂದ ಗುಣಿಸಿ, 36.5ರಿಂದ ಭಾಗಿಸಿದರೆ ಬಡ್ಡಿ ರೂಪಾಯಿಯಲ್ಲೇ ಬರುತ್ತಿತ್ತು.

ಇದನ್ನು ನನಗೆ ಕಲಿಸಿದವರು ಕಾರ್ಖಾನೆಯ ಹಿರಿಯ ಲೆಕ್ಕಿಗರು. ಅವರನ್ನು ನಾವೆಲ್ಲ ಮಾಮ ಎನ್ನುತ್ತಿದ್ದೆವು. ಅವರು ಮೊದಲ ದಿನವೇ ಹೇಳಿದ ಮಾತು: “ನೋಡು ಮಾರಾಯ, ಬ್ಯಾಂಕಿನವರು ನೋಡುವುದು ಸಂಜೆಯ ಬಾಕಿ. ಹಣ ತೆಗೆದ ದಿನ ಲೆಕ್ಕಕ್ಕೆ ಸೇರುತ್ತದೆ, ಕಟ್ಟಿದ ದಿನ ಸೇರುವುದಿಲ್ಲ. ಇಷ್ಟು ಗಟ್ಟಿ ಮಾಡಿಕೊ.” ಭಾನುವಾರಕ್ಕೆ ಶನಿವಾರದ ಬಾಕಿಯೇ. ಖಾತೆ ಯಾವತ್ತಾದರೂ ಜಮೆಯ ಕಡೆಗೆ ಹೋದರೆ ಆ ದಿನದ ಪ್ರಾಡಕ್ಟ್ ಸೊನ್ನೆ. ಅದನ್ನು ಉಳಿದ ದಿನಗಳ ಮೊತ್ತದಿಂದ ಕಳೆಯುವಂತಿಲ್ಲ.

ಆಗಿನ ತಪ್ಪುಗಳು ಕೈಯ ತಪ್ಪುಗಳು. ಪುಟದ ಅಡಿಯ ಮೊತ್ತವನ್ನು ಮುಂದಿನ ಪುಟಕ್ಕೆ ಒಯ್ಯುವಾಗ 8 ಹೋಗಿ 3 ಆಗುವುದು, ಬಾಕಿಯ ಎರಡು ಅಂಕಿಗಳು ಅದಲು ಬದಲಾಗುವುದು, ತಿಂಗಳಿಗೆ 31 ದಿನ ಇದ್ದದ್ದು ಮರೆಯುವುದು. ಪ್ರಾಡಕ್ಟುಗಳ ವ್ಯತ್ಯಾಸ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಮಾಮ ಮೊದಲು ಅಂಕಿ ಅದಲುಬದಲನ್ನು ಹುಡುಕುತ್ತಿದ್ದರು. ತಪ್ಪು ಸಿಕ್ಕಿದರೆ ಸ್ಟೇಟ್‌ಮೆಂಟಿನ ಪಕ್ಕ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಕೌಂಟರಿಗೆ ಹೋಗುತ್ತಿದ್ದೆವು. ಅಲ್ಲಿನ ಕ್ಲಾರ್ಕು ಲೆಡ್ಜರನ್ನೇ ನಮ್ಮ ಕಡೆ ತಿರುಗಿಸಿ ತೋರಿಸುತ್ತಿದ್ದರು. ಒಮ್ಮೆ ಆದ ತಪ್ಪು ಅಲ್ಲಿಗೇ ಮುಗಿಯುತ್ತಿತ್ತು.

ಈಗ ಗುಣಾಕಾರ ತಪ್ಪುವುದಿಲ್ಲ. ಈಗಿನದು ಸೆಟ್ಟಿಂಗಿನ ತಪ್ಪು. ಒಮ್ಮೆ ಕೂತರೆ ಯಾರಾದರೂ ಕೇಳುವ ತನಕ ತಿಂಗಳು ತಿಂಗಳು ಬರುತ್ತಲೇ ಇರುತ್ತದೆ. ಶಾಖೆಯಲ್ಲಿ ಕೇಳಿದರೆ ‘ಸಿಸ್ಟಮ್ ಹಾಕಿದ್ದು’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ತೋರಿಸಲು ಅವರ ಮುಂದೆ ಲೆಡ್ಜರಿಲ್ಲ ಅಷ್ಟೆ. ಆದ್ದರಿಂದ ತಪ್ಪು ಎಲ್ಲಿದೆ ಎಂಬುದನ್ನೂ ನಾವೇ ಕಂಡುಹಿಡಿದು ಕೊಡಬೇಕು. ಅದು ಹೇಗೆಂದು ಒಂದು ತಿಂಗಳ ಲೆಕ್ಕದಲ್ಲಿ ನೋಡೋಣ. ಅಂಕಿಗಳನ್ನು ಓದುಗರ ಅನುಕೂಲಕ್ಕೆ ದುಂಡಗೆ ಮಾಡಿದ್ದೇನೆ.

ಮೂವತ್ತು ದಿನಗಳ ಸೆಪ್ಟೆಂಬರ್, ಮಿತಿ 20 ಲಕ್ಷ, ದರ ಶೇ. 10.95. ಈ ದರವನ್ನು 365ರಿಂದ ಭಾಗಿಸಿದರೆ ಲಕ್ಷಕ್ಕೆ ದಿನಕ್ಕೆ ಸರಿಯಾಗಿ ₹30. ನಿಮ್ಮ ದರ ಯಾವುದೇ ಇರಲಿ, ಲಕ್ಷಕ್ಕೆ ದಿನಕ್ಕೆ ಎಷ್ಟು ಎಂಬ ಈ ಒಂದು ಅಂಕಿಯನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ಮುಂದಿನ ಹುಡುಕಾಟವೆಲ್ಲ ಅದರ ಮೇಲೆ ನಿಂತಿದೆ.

1ನೇ ತಾರೀಖಿಗೆ ಬಾಕಿ 12 ಲಕ್ಷ. ನಾಲ್ಕು ದಿನ ಹಾಗೇ ಇತ್ತು, ಪ್ರಾಡಕ್ಟ್ 48 ಲಕ್ಷ. 5ಕ್ಕೆ ಸಂಬಳ ಮತ್ತು ಪಾರ್ಟಿಗಳ ಪಾವತಿಗೆ ಮೂರೂವರೆ ಲಕ್ಷ ಹೋಗಿ ಬಾಕಿ 15.5 ಲಕ್ಷವಾಯಿತು, ಐದು ದಿನಕ್ಕೆ 77.5 ಲಕ್ಷ. 10ಕ್ಕೆ ಗಿರಾಕಿಯ ಆರು ಲಕ್ಷದ ಚೆಕ್ಕು ಜಮೆಯಾಗಿ ಬಾಕಿ 9.5 ಲಕ್ಷಕ್ಕೆ ಇಳಿಯಿತು. ಎಂಟು ದಿನಕ್ಕೆ 76 ಲಕ್ಷ. 18ಕ್ಕೆ ಕಚ್ಚಾ ಮಾಲಿಗೆ ಎಂಟು ಲಕ್ಷ ಕೊಟ್ಟೆವು, ಬಾಕಿ 17.5 ಲಕ್ಷ, ಏಳು ದಿನಕ್ಕೆ 122.5 ಲಕ್ಷ. 25ಕ್ಕೆ ಆರ್‌ಟಿಜಿಎಸ್‌ನಲ್ಲಿ ಐದು ಲಕ್ಷ ಬಂತು, ಬಾಕಿ 12.5 ಲಕ್ಷ, ಉಳಿದ ಆರು ದಿನಕ್ಕೆ 75 ಲಕ್ಷ. ದಿನಗಳನ್ನು ಕೂಡಿದರೆ ಮೂವತ್ತು, ಪ್ರಾಡಕ್ಟುಗಳನ್ನು ಕೂಡಿದರೆ 399 ಲಕ್ಷ. ಲಕ್ಷಕ್ಕೆ ಮೂವತ್ತರಂತೆ ಬಡ್ಡಿ ₹11,970.

ಕಂಪ್ಯೂಟರಿನಲ್ಲಿ ಮಾಡುವವರು ಗುಣಿಸುವುದೂ ಬೇಡ. ದಿನಕ್ಕೊಂದು ಸಾಲಿನಂತೆ ಮೂವತ್ತು ಸಾಲು ಹಾಕಿ, ಡಿ ಕಾಲಮ್ಮಿನಲ್ಲಿ ಪ್ರತಿ ಸಂಜೆಯ ಸಾಲದ ಬಾಕಿ ಬರೆದು, ಜಮೆ ಬಾಕಿಯ ದಿನಕ್ಕೆ ಸೊನ್ನೆ ಹಾಕಿದರೆ ಇಷ್ಟು ಸಾಕು:

```
=SUM(D2:D31)*10.95/36500
```

ಬ್ಯಾಂಕು ಹಾಕಿದ್ದು ₹12,330. ಹೆಚ್ಚಾದದ್ದು ₹360.

ಮೊದಲು ದರವನ್ನು ಪರೀಕ್ಷಿಸಬೇಕು. ಬ್ಯಾಂಕು ಹಾಕಿದ ಬಡ್ಡಿಯನ್ನು 36,500ರಿಂದ ಗುಣಿಸಿ ಪ್ರಾಡಕ್ಟುಗಳ ಮೊತ್ತದಿಂದ ಭಾಗಿಸಿದರೆ ಅವರು ಹಾಕಿರಬಹುದಾದ ದರ ಸಿಗುತ್ತದೆ. ಇಲ್ಲಿ ಸುಮಾರು 11.28 ಬರುತ್ತದೆ. ಯಾವ ಮಂಜೂರಾತಿ ಪತ್ರದಲ್ಲೂ ಇಲ್ಲದ ಅಂಕಿ. 11.45 ಎಂದು ಬಂದಿದ್ದರೆ ಅರ್ಧ ಪ್ರತಿಶತ ಏರಿಸಿದ್ದಾರೆಂದು ಅನುಮಾನಿಸಬಹುದಿತ್ತು. ತಿಂಗಳ ನಡುವೆ ದರ ಬದಲಾಗಿದ್ದರೆ ಆ ತಾರೀಖಿಗೆ ಪ್ರಾಡಕ್ಟುಗಳನ್ನು ಎರಡು ಭಾಗ ಮಾಡಿಕೊಳ್ಳಬೇಕು. ಸಣ್ಣ ಉದ್ದಿಮೆಗಳ ಹೊಸ ಫ್ಲೋಟಿಂಗ್ ಸಾಲಗಳ ದರ 2019ರ ಅಕ್ಟೋಬರ್‌ನಿಂದ ರೆಪೊದಂಥ ಹೊರಗಿನ ಮಾನದಂಡಕ್ಕೆ ಕಟ್ಟಿಕೊಂಡಿದೆ. ಹಾಗೆಂದು ರೆಪೊ ಇಳಿದ ಮರುದಿನವೇ ನಮ್ಮ ದರ ಇಳಿಯಬೇಕೆಂದಿಲ್ಲ. ಮೂರು ತಿಂಗಳಿಗೆ ಒಮ್ಮೆಯಾದರೂ ಮರುಹೊಂದಿಸಬೇಕು ಎಂಬುದು ನಿಯಮ. 2025ರ ಜೂನ್ 6ರಂದು ರೆಪೊ 6ರಿಂದ 5.5ಕ್ಕೆ ಇಳಿದಾಗ ಅನೇಕರು ಜೂನ್ ತಿಂಗಳಲ್ಲೇ ಬ್ಯಾಂಕಿನ ಮೇಲೆ ಸಿಟ್ಟಾದರು. ನೋಡಬೇಕಾದದ್ದು ನಮ್ಮ ಪತ್ರದಲ್ಲಿರುವ ರೀಸೆಟ್ ತಾರೀಖು. 12 ಲಕ್ಷದ ಬಾಕಿಗೆ ಅರ್ಧ ಪ್ರತಿಶತವೆಂದರೆ ದಿನಕ್ಕೆ ₹16.44, ಆ ತಾರೀಖು ದಾಟಿದ ಮೇಲೂ ಹಳೆಯ ದರ ಹಾಕಿದರೆ ಕೇಳುವ ಹಕ್ಕು ನಮಗಿದೆ.

ದರದ ದೋಷ ಅಲ್ಲವೆಂದಾದ ಮೇಲೆ ₹360ನ್ನು ಮೂವತ್ತರಿಂದ ಭಾಗಿಸಬೇಕು. 12 ಬಂತು. ಅಂದರೆ ಬ್ಯಾಂಕಿನ ಲೆಕ್ಕದಲ್ಲಿ 12 ಲಕ್ಷದ ಪ್ರಾಡಕ್ಟ್ ಹೆಚ್ಚಿದೆ. ಈಗ ಸ್ಟೇಟ್‌ಮೆಂಟಿನಲ್ಲಿ ಯಾವ ಮೊತ್ತವನ್ನು ಯಾವ ದಿನಗಳಿಂದ ಗುಣಿಸಿದರೆ 12 ಲಕ್ಷವಾಗುತ್ತದೆ ಎಂದು ಹುಡುಕಬೇಕು. ಇಲ್ಲಿ ಎರಡು ಉತ್ತರಗಳಿವೆ. ಆರಂಭದ ಬಾಕಿ 12 ಲಕ್ಷ ಒಂದು ದಿನ ಹೆಚ್ಚು ಲೆಕ್ಕವಾಗಿರಬಹುದು, ಅಥವಾ ಆರು ಲಕ್ಷದ ಚೆಕ್ಕು ಎರಡು ದಿನ ತಡವಾಗಿ ಲೆಕ್ಕಕ್ಕೆ ಬಂದಿರಬಹುದು. ಅಂಕಿ ಒಂದೇ ಆದ್ದರಿಂದ ಅದಷ್ಟರಿಂದಲೇ ತೀರ್ಪು ಕೊಡಲು ಬರುವುದಿಲ್ಲ.

ಮೊದಲನೆಯ ಅನುಮಾನ ಬಗೆಹರಿಸಲು ಆಗಸ್ಟಿನ ಲೆಕ್ಕ ತೆಗೆಯಬೇಕು. ಬಡ್ಡಿಯನ್ನು ತಿಂಗಳ ಕೊನೆಯ ದಿನ ಖರ್ಚು ಹಾಕುವಾಗ ಆ ದಿನದ ಬಾಕಿ ಹಿಂದಿನ ತಿಂಗಳಿಗೆ ಸೇರಿತೋ ಮುಂದಿನದಕ್ಕೋ ಎಂಬ ಗೊಂದಲ ಸಾಮಾನ್ಯ. ಆಗಸ್ಟ್ 30 ದಿನಕ್ಕೇ ನಿಂತಿದ್ದರೆ 31ನೇ ದಿನ ಸೆಪ್ಟೆಂಬರಿಗೆ ಬಂದಿದೆ, ನಷ್ಟವೇನಿಲ್ಲ. ಇಲ್ಲಿ ಆಗಸ್ಟ್ 31 ದಿನಕ್ಕೆ ತಾಳೆಯಾಗಿತ್ತು. ಹಾಗಾಗಿ ಉಳಿದದ್ದು ಚೆಕ್ಕು.

ಸ್ಟೇಟ್‌ಮೆಂಟಿನಲ್ಲಿ ಎರಡು ತಾರೀಖಿನ ಕಾಲಮ್ಮುಗಳಿರುತ್ತವೆ, ನಮೂದಾದ ದಿನ ಮತ್ತು ವ್ಯಾಲ್ಯೂ ಡೇಟ್. ಬಡ್ಡಿ ನಡೆಯುವುದು ಎರಡನೆಯದರ ಮೇಲೆ. ಹೆಚ್ಚಿನವರು ಮೊದಲನೆಯದನ್ನು ನೋಡಿ ಪುಸ್ತಕ ತಾಳೆ ಮಾಡಿ ಎದ್ದುಬಿಡುತ್ತಾರೆ. ಈ ಚೆಕ್ಕನ್ನು ನಾವು 9ಕ್ಕೆ ಹಾಕಿದ್ದೆವು, 10ಕ್ಕೆ ಕ್ಲಿಯರಿಂಗ್ ಮುಗಿದು ಹಣ ಜಮೆಯಾಗಿತ್ತು, ವ್ಯಾಲ್ಯೂ ಡೇಟ್ ಮಾತ್ರ 12. ಬ್ಯಾಂಕಿನ ಕೈಗೆ ಹಣ ಬಂದ ಮೇಲೂ ಎರಡು ದಿನ ನಮ್ಮಿಂದ ಬಡ್ಡಿ ಹೋಗಿದೆ. 9ರಿಂದಲೇ ಜಮೆ ಕೊಡಿ ಎಂದು ಕೇಳುವಂತಿರಲಿಲ್ಲ, ಆ ದಿನ ಹಣ ಇನ್ನೂ ಗಿರಾಕಿಯ ಬ್ಯಾಂಕಿನಲ್ಲಿತ್ತು. ಈಗ 2025ರ ಅಕ್ಟೋಬರ್ 4ರಿಂದ ಚೆಕ್ಕುಗಳು ದಿನವಿಡೀ ಕ್ಲಿಯರಾಗುತ್ತವೆ, ಈ ಅಂತರಕ್ಕೆ ನೆಪವೂ ಕಡಿಮೆ. ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ಭಾನುವಾರವೂ ನಡೆಯುತ್ತದೆ. ಭಾನುವಾರ ಬಂದ ಹಣಕ್ಕೆ ಅದೇ ದಿನದ ವ್ಯಾಲ್ಯೂ ಡೇಟ್ ಇದೆಯೋ ಇಲ್ಲವೋ ಎಂಬುದನ್ನು ನಾನು ಪ್ರತಿ ತಿಂಗಳೂ ಕಣ್ಣಿಟ್ಟು ನೋಡುತ್ತೇನೆ.

ಇನ್ನೊಂದು ಸಂಗತಿ ದಂಡದ್ದು. ಸ್ಟಾಕ್ ಸ್ಟೇಟ್‌ಮೆಂಟ್ ತಡವಾದರೆ, ಡ್ರಾಯಿಂಗ್ ಪವರ್ ಮೀರಿದರೆ ಹಿಂದೆ ದರಕ್ಕೇ ಒಂದೆರಡು ಪ್ರತಿಶತ ಸೇರಿಸಿಬಿಡುತ್ತಿದ್ದರು, ಬಡ್ಡಿಯ ಮೊತ್ತದೊಳಗೆ ಅದು ಕರಗಿಹೋಗುತ್ತಿತ್ತು. 2023ರ ಆಗಸ್ಟಿನ ಆದೇಶದ ಪ್ರಕಾರ ಅದು ಬಡ್ಡಿಯೊಳಗೆ ಬೆರೆಯದೆ ಬೇರೆ ಶುಲ್ಕವಾಗಿ ಬರಬೇಕು. ಹೊಸ ಸಾಲಗಳಿಗೆ 2024ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ಹಾಗಾಗಿ ಬಡ್ಡಿಯ ಸಾಲಿನಲ್ಲಿ ಈಗ ಸಿಗುವ ವ್ಯತ್ಯಾಸಕ್ಕೆ ‘ದಂಡ ಸೇರಿದೆ’ ಎಂಬ ಉತ್ತರ ಒಪ್ಪತಕ್ಕದ್ದಲ್ಲ.

ಬ್ಯಾಂಕಿಗೆ ಬರೆಯುವಾಗ ‘ಬಡ್ಡಿ ಹೆಚ್ಚಾಗಿದೆ, ಪರಿಶೀಲಿಸಿ’ ಎಂದು ಬರೆದರೆ ಉತ್ತರ ಬರುವುದಿಲ್ಲ, ಬಂದರೂ ‘ಸರಿಯಿದೆ’ ಎಂದು ಬರುತ್ತದೆ. ಚೆಕ್ಕಿನ ನಂಬರು, ಜಮೆಯಾದ ದಿನ, ಹಾಕಿದ ವ್ಯಾಲ್ಯೂ ಡೇಟ್, ಆರು ಲಕ್ಷಕ್ಕೆ ಎರಡು ದಿನದ ಬಡ್ಡಿ ₹360 ಎಂದು ನಾಲ್ಕು ಸಾಲು ಬರೆದು, ದಿನವಾರು ಹಾಳೆ ಲಗತ್ತಿಸಿದರೆ ಯಾರೂ ವಾದಕ್ಕೆ ನಿಲ್ಲುವುದಿಲ್ಲ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಾಗಿಲಿದೆ; ಈ ಬಾರಿ ಅಲ್ಲಿಯ ತನಕ ಹೋಗುವ ಪ್ರಸಂಗ ಬರಲಿಲ್ಲ, ₹360 ವಾಪಸು ಬಂತು. ಆದರೆ ಸೆಟ್ಟಿಂಗಿನ ತಪ್ಪು ಒಂದೇ ಚೆಕ್ಕಿಗೆ ನಿಲ್ಲುವಂಥದ್ದಲ್ಲವಾದ್ದರಿಂದ ಹಿಂದಿನ ತಿಂಗಳುಗಳ ಸ್ಟೇಟ್‌ಮೆಂಟುಗಳನ್ನೂ ತೆಗೆದು, ಎರಡು ತಾರೀಖು ಬೇರೆ ಬೇರೆ ಇರುವ ಜಮೆಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ಬರೆದು ಎರಡನೆಯ ಪತ್ರ ಕಳಿಸಿದೆ.