ಒಂದೇ ಆದೇಶ, ಎರಡು ಲೆಕ್ಕ

2022ರ ಮಾತು. ನನ್ನ ಅಕ್ಕನ ಮಗ ಮತ್ತು ನಮ್ಮ ನೆರೆಮನೆಯ ಚಾಚಾ, ಇಬ್ಬರೂ ಕೇಂದ್ರ ಸರಕಾರದ ಒಂದೇ ಕಚೇರಿಯಲ್ಲಿದ್ದರು. ಹುಡುಗನನ್ನು ಪರೀಕ್ಷೆಗೆ ಕೂರಿಸಿದವರೇ ಚಾಚಾ. ಆ ವರ್ಷ ಇಬ್ಬರಿಗೂ ಒಂದೇ ಆದೇಶದಲ್ಲಿ ಬಡ್ತಿ ಬಂತು. ಹುದ್ದೆಯ ಹೆಸರೂ ಒಂದೇ. ಆದರೆ ಹುಡುಗನ ಮೂಲ ವೇತನ 5,000 ರೂಪಾಯಿ ಏರಿತು, ಚಾಚಾರದ್ದು 1,500 ಮಾತ್ರ.

“ಕೆಲಸ ಕಲಿಸಿದವನು ನಾನು. ಇದೇನು ನ್ಯಾಯ, ನೀನೇ ಹೇಳು” ಎಂದು ಚಾಚಾ ಸಂಬಳದ ಚೀಟಿ ಹಿಡಿದು ನಮ್ಮ ಜಗಲಿಗೆ ಬಂದರು. ಐದು ಸಾವಿರ ಬರುತ್ತದೆಂದು ನಂಬಿ ಅವರು ಮನೆ ರಿಪೇರಿಗೆ ಸಾಲ ಎತ್ತಿದ್ದರು.

ಇಬ್ಬರೂ ಕೂತು 7ನೇ ವೇತನ ಆಯೋಗದ ಪಟ್ಟಿ ಬಿಡಿಸಿದೆವು. ಅದು ಅಕ್ಕಪಕ್ಕ ನಿಲ್ಲಿಸಿದ ಏಣಿಗಳ ಹಾಗೆ. ವರ್ಷಕ್ಕೊಮ್ಮೆ ಸಿಗುವ ಇನ್‌ಕ್ರಿಮೆಂಟ್ ಎಂದರೆ ನಮ್ಮದೇ ಏಣಿಯಲ್ಲಿ ಒಂದು ಮೆಟ್ಟಿಲು, ಸುಮಾರು ಶೇಕಡಾ 3. ಎಷ್ಟು ಚೆನ್ನಾಗಿ ದುಡಿದರೂ ಅಷ್ಟೇ. ಬಡ್ತಿ ಬಂದಾಗ ಮೊದಲು ಹಳೆಯ ಏಣಿಯಲ್ಲಿ ಒಂದು ಮೆಟ್ಟಿಲು ಹತ್ತಿಸಿ, ಆಮೇಲೆ ಹೊಸ ಏಣಿಗೆ ದಾಟಿಸುತ್ತಾರೆ. ಅಲ್ಲಿ ಅದೇ ಮೊತ್ತದ ಮೆಟ್ಟಿಲಿದ್ದರೆ ಅದರ ಮೇಲೆ, ಇಲ್ಲದಿದ್ದರೆ ಅದಕ್ಕಿಂತ ಮೇಲಿನ ಮೆಟ್ಟಿಲಿನ ಮೇಲೆ ನಿಲ್ಲಿಸುತ್ತಾರೆ.

ಇಬ್ಬರೂ 6ನೇ ಹಂತದಿಂದ 7ನೇ ಹಂತಕ್ಕೆ ಹೋದವರು. ಹುಡುಗ 39,900ರಲ್ಲಿದ್ದ. ಒಂದು ಮೆಟ್ಟಿಲು ಹತ್ತಿದರೆ 41,100. ಆದರೆ 7ನೇ ಹಂತದ ಏಣಿ ಶುರುವಾಗುವುದೇ 44,900ಕ್ಕೆ. ಅದಕ್ಕಿಂತ ಕೆಳಗೆ ಆ ಹುದ್ದೆಗೆ ಸಂಬಳವೇ ಇಲ್ಲ. ಹಾಗಾಗಿ ಅವನನ್ನು ಅಲ್ಲಿಗೆ ಎತ್ತಲೇಬೇಕಾಯಿತು. ಅವನಿಗೆ ಸಿಕ್ಕ ಐದು ಸಾವಿರದಲ್ಲಿ 1,200 ಮೆಟ್ಟಿಲಿನದು, ಉಳಿದ 3,800 ಹುದ್ದೆಯ ಹೆಸರಿನದು.

ಚಾಚಾ ಕೆಳಗಿನ ಹುದ್ದೆಗಳಲ್ಲೇ ಬಹಳ ವರ್ಷ ಕಳೆದು ತಡವಾಗಿ 6ನೇ ಹಂತಕ್ಕೆ ಬಂದವರು. ಬರುವಾಗಲೇ ಸಂಬಳ ಬೆಳೆದಿತ್ತು. ಅವರು 49,000ದಲ್ಲಿದ್ದರು. ಒಂದು ಮೆಟ್ಟಿಲಿಗೆ 50,500. ಹೊಸ ಏಣಿಯಲ್ಲೂ 50,500ರ ಮೆಟ್ಟಿಲಿದೆ. ಅಲ್ಲೇ ನಿಂತರು. ಹೊಸ ಹುದ್ದೆಯ ನೆಲವನ್ನು ಅವರು ಇನ್‌ಕ್ರಿಮೆಂಟುಗಳಲ್ಲೇ ಎಂದೋ ದಾಟಿಬಿಟ್ಟಿದ್ದರು. ನೆಲ ಎತ್ತಿದಾಗ ಮೇಲೆ ಬರುವವನು ಅದರ ಕೆಳಗಿದ್ದವನು ಮಾತ್ರ.

ಹೆಸರು ಬದಲಾದರೆ ನೆಲದ ಜೊತೆ ಮಾಡೂ ಎತ್ತರವಾಗುತ್ತದೆ. 6ನೇ ಹಂತ 1,12,400ಕ್ಕೆ ನಿಲ್ಲುತ್ತದೆ, 7ನೆಯದು 1,42,400ರವರೆಗೆ ಹೋಗುತ್ತದೆ. ಮುಂದೆ ಮೂವತ್ತು ವರ್ಷವಿದ್ದ ಹುಡುಗನಿಗೆ ಅದು ದೊಡ್ಡ ಮಾತು. ಎರಡೇ ವರ್ಷ ಉಳಿದಿದ್ದ ಚಾಚಾರಿಗೆ ಆ ಮಾಡು ಎಷ್ಟು ಎತ್ತರವಿದ್ದರೇನು?

ಚಾಚಾ ಬಹಳ ಹೊತ್ತು ಪಟ್ಟಿಯನ್ನೇ ನೋಡುತ್ತಿದ್ದರು. “ಹಾಗಾದರೆ ತಡವಾಗಿ ಬಂದ ಬಡ್ತಿ ಬಡ್ತಿಯೇ ಅಲ್ಲ, ಇನ್‌ಕ್ರಿಮೆಂಟು” ಎಂದರು. ಅವರದು ಹಳೆಯ ಪಿಂಚಣಿ, ಕೊನೆಯ ಮೂಲ ವೇತನದ ಅರ್ಧ. “ಇದರಿಂದ ಪಿಂಚಣಿಗೆ ಏಳುನೂರೈವತ್ತು ಸೇರುತ್ತದಲ್ಲ?” ಎಂದು ಕೇಳಿದರು. ಸೇರುತ್ತದೆ ಎಂದೆ. ಚೀಟಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು, ಸಾಲದ ಕಂತು ಕಡಿಮೆ ಮಾಡಿಸಲು ಬ್ಯಾಂಕಿನ ಕಡೆ ಹೊರಟರು.