ಸರ್ಟಿಫಿಕೇಟ್ ಇದೆ ಸರಿ, ಕಂಪನಿ ಇದೆಯಾ?

ಇನ್‌ಕಾರ್ಪೊರೇಷನ್ ಸರ್ಟಿಫಿಕೇಟ್ ಅಂದ್ರೆ ಕಂಪನಿಯ ಜನನ ಪ್ರಮಾಣಪತ್ರ. ಹುಟ್ಟಿದ್ದು ನಿಜ ಅಂತ ಹೇಳುತ್ತೆ, ಇನ್ನೂ ಬದುಕಿದೆ ಅಂತ ಹೇಳಲ್ಲ. ಇದು ನನಗೆ ಗೊತ್ತಾಗಿದ್ದು ನಮ್ಮ ಫೆಸ್ಟ್‌ನ ಲೆಕ್ಕಪತ್ರ ನೋಡಿಕೊಳ್ಳುವಾಗ.

ಸ್ಟೇಜ್ ಮತ್ತು ಸೌಂಡ್‌ಗೆ ಒಬ್ಬರು ಕೊಟೇಶನ್ ಕೊಟ್ಟಿದ್ದರು. ಅಡ್ವಾನ್ಸ್ 40,000 ರೂಪಾಯಿ. ಜೊತೆಗೆ 2017ರ ಸರ್ಟಿಫಿಕೇಟ್, ಹೆಸರಿನ ಕೊನೆಗೆ ಪ್ರೈವೇಟ್ ಲಿಮಿಟೆಡ್. "ಇಷ್ಟೆಲ್ಲ ಇದ್ಮೇಲೆ ಇನ್ನೇನೋ, ದುಡ್ಡು ಹಾಕಿಬಿಡು" ಅಂದ ಗೆಳೆಯ.

ಸರ್ಟಿಫಿಕೇಟ್‌ನಲ್ಲಿ 21 ಅಕ್ಷರಗಳ ಒಂದು ಸಂಖ್ಯೆ ಇರುತ್ತೆ, ಅದೇ CIN. ಅದರ ಮಧ್ಯೆ `KA2017PTC` ಅಂತ ಇತ್ತು. ಕರ್ನಾಟಕ, 2017, ಪ್ರೈವೇಟ್ ಕಂಪನಿ ಅಂತ ಅರ್ಥ. ಎಲ್ಲ ಸರಿಯಾಗೇ ಇತ್ತು. ಅದನ್ನೇ mca.gov.in ತಾಣದ ಮಾಸ್ಟರ್ ಡೇಟಾದಲ್ಲಿ ಹಾಕಿ ನೋಡಿದೆ. ಹೆಸರು, ವಿಳಾಸ ಎಲ್ಲ ಹೊಂದಿಕೆಯಾಯ್ತು. ಆದರೆ ಸ್ಟೇಟಸ್ ಎದುರಿಗೆ `Active` ಬದಲು `Strike Off` ಅಂತಿತ್ತು. ಅಂದ್ರೆ ರಿಜಿಸ್ಟ್ರಾರ್ ಪಟ್ಟಿಯಿಂದ ಆ ಹೆಸರು ತೆಗೆದಾಗಿದೆ. 2013ರ ಕಂಪನಿ ಕಾಯ್ದೆ ಪ್ರಕಾರ ಆ ದಿನದಿಂದ ಸರ್ಟಿಫಿಕೇಟ್ ಕೂಡ ರದ್ದಾದಂತೆ. ಹಳೆಯ ಬಾಕಿ ವಸೂಲಿ ಮಾಡೋದು, ಸಾಲ ತೀರಿಸೋದು ಬಿಟ್ಟು ಆ ಹೆಸರಲ್ಲಿ ವ್ಯವಹಾರ ಮಾಡೋ ಹಾಗಿಲ್ಲ. ಆದರೆ ಪಿಡಿಎಫ್‌ಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅದು ಮೊದಲಿನ ಹಾಗೇ ಇರುತ್ತೆ.

ಆಮೇಲೆ ಕೊಟೇಶನ್‌ನಲ್ಲಿದ್ದ ಜಿಎಸ್‌ಟಿ ನಂಬರ್ ನೋಡಿದೆ. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್. ಪ್ಯಾನ್‌ನ ನಾಲ್ಕನೇ ಅಕ್ಷರ ಕಂಪನಿಗಾದರೆ `C`, ವ್ಯಕ್ತಿಗಾದರೆ `P`. ಇಲ್ಲಿದ್ದದ್ದು `P`. gst.gov.in ನಲ್ಲಿ ಹುಡುಕಿದಾಗಲೂ `Proprietorship` ಅಂತಲೇ ಬಂತು. ಬ್ಯಾಂಕ್ ಖಾತೆಯೂ ಅವರ ಸ್ವಂತ ಹೆಸರಲ್ಲೇ ಇತ್ತು.

ಫೋನ್ ಮಾಡಿ ಕೇಳಿದೆ. "ಕಂಪನಿ ನಡೆಸೋಕೆ ಆಡಿಟರ್ ಖರ್ಚೇ ಜಾಸ್ತಿ ಆಯ್ತಪ್ಪಾ. ಈಗ ನನ್ನ ಹೆಸರಲ್ಲೇ ಮಾಡ್ತಿದ್ದೀನಿ, ಹಳೇ ಲೆಟರ್‌ಹೆಡ್ ಹಾಗೇ ಉಳಿದಿತ್ತು" ಅಂದರು. ಇರಬಹುದು. ಮೋಸಗಾರರೇ ಅಂತ ಹೇಳೋಕೆ ಇಷ್ಟು ಸಾಲದು. ಆದರೆ ಕರಾರು ಇಲ್ಲದ ಕಂಪನಿಯ ಹೆಸರಲ್ಲಿ, ದುಡ್ಡು ಇನ್ನೊಬ್ಬರ ಖಾತೆಗೆ ಅಂದ್ರೆ, ನಾಳೆ ಸ್ಟೇಜ್ ಬರದಿದ್ದರೆ ನಾವು ಯಾರನ್ನ ಹಿಡಿಯೋದು?

"ಸರ್, ಹಾಗಿದ್ರೆ ಕರಾರೂ ಬಿಲ್ಲೂ ನಿಮ್ಮ ಹೆಸರಲ್ಲೇ ಇರಲಿ" ಅಂದೆ. ಒಪ್ಪಿದರು. ಅಡ್ವಾನ್ಸ್ 10,000ಕ್ಕೆ ಇಳಿಸಿ, ಉಳಿದದ್ದು ಸ್ಟೇಜ್ ನಿಂತ ಮೇಲೆ ಅಂತ ಬರೆದುಕೊಂಡೆವು.

ಸ್ಟೇಟಸ್ `Active` ಅಂತ ಬಂದಿದ್ದರೂ ಅವರು ಕೆಲಸ ಚೆನ್ನಾಗಿ ಮಾಡ್ತಾರೆ ಅಂತ ಅರ್ಥವಲ್ಲ. ಸಹಿ ಹಾಕುವಾಗ ಎದುರಿಗೆ ನಿಜವಾಗಿ ಯಾರಿದ್ದಾರೆ ಅನ್ನೋದು ಮಾತ್ರ ಅದರಿಂದ ಗೊತ್ತಾಗುತ್ತೆ. ಕರಾರಿನಲ್ಲಿರೋ ಹೆಸರು, ಬಿಲ್ಲಿನಲ್ಲಿರೋ ಹೆಸರು, ಖಾತೆಯಲ್ಲಿರೋ ಹೆಸರು ಮೂರೂ ಒಂದೇನಾ ಅಂತ ನೋಡಿಕೊಂಡೇ ದುಡ್ಡು ಹಾಕಿ.