ಸೀನಿಗೊಂದು ಹರಕೆ

ಅಟ್ಟೂರು, ಯಲಹಂಕ
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಪಾಪು ಸೀನಿದಾಗ ಏನನ್ನಬೇಕು ಅಂತ ಫೋನಿನಲ್ಲಿ ಕೇಳಿದೆ. ಅಲ್ಲಿನ ಜರ್ಮನ್ ನರ್ಸು ‘ಗೆಜುಂಡ್‌ಹೈಟ್’ ಅಂದಳಂತೆ, ಎದುರು ಮನೆಯ ತುರ್ಕಿ ಅಜ್ಜಿ ‘ಚೋಕ್ ಯಶಾ’ ಅಂದರಂತೆ, ನಿನ್ನ ಬಾಯಿಗೆ ಮಾತ್ರ ಏನೂ ಬರಲಿಲ್ಲವಂತೆ. ಅಷ್ಟರಲ್ಲಿ ಕೂಸು ಅಳತೊಡಗಿತು, ಮಾತು ಅಲ್ಲಿಗೇ ನಿಂತಿತು. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕೂಸಾಗಿದ್ದಾಗ ಸೀನಿದರೆ ನಿಮ್ಮಜ್ಜಿ ನೆತ್ತಿ ಮುಟ್ಟಿ ‘ಚಿರಂಜೀವಿ’ ಅನ್ನುತ್ತಿದ್ದರು. ಮತ್ತೊಂದು ಸೀನು ಬಂದರೆ ‘ನೂರು ವರ್ಷ’. ಕೆಳಗಿನ ಮನೆಯ ತೆಲುಗಿನವರು ಈಗಲೂ ಮೊಮ್ಮಗುವಿಗೆ ‘ಚಿರಂಜೀವ’ ಅನ್ನುತ್ತಾರೆ. ಪಕ್ಕದ ಮನೆಯ ಸಾಬರಲ್ಲಿ ಸೀನಿದವರೇ ಮೊದಲು ‘ಅಲ್‌ಹಮ್ದುಲಿಲ್ಲಾಹ್’ ಅಂತ ದೇವರನ್ನು ನೆನೆಯಬೇಕು. ಕೇಳಿದವರು ‘ಯರ್‌ಹಮುಕಲ್ಲಾಹ್’, ದೇವರು ನಿನಗೆ ಕರುಣೆ ತೋರಲಿ, ಅನ್ನುತ್ತಾರೆ. ಅದಕ್ಕೆ ಸೀನಿದವರು ತಿರುಗಿ ಇನ್ನೊಂದು ಹಾರೈಕೆ ಹೇಳುತ್ತಾರೆ.

ಈ ‘ಚಿರಂಜೀವಿ’ ಎಷ್ಟು ಹಳೆಯದು ಗೊತ್ತೇ? ಬೌದ್ಧರ ವಿನಯಪಿಟಕದ ಚುಲ್ಲವಗ್ಗದಲ್ಲಿ ಒಂದು ಪ್ರಸಂಗವಿದೆ. ದೊಡ್ಡ ಸಭೆಯ ನಡುವೆ ಕೂತು ಧರ್ಮ ಹೇಳುತ್ತಿದ್ದ ಬುದ್ಧ ಸೀನಿದ. ಭಿಕ್ಷುಗಳೆಲ್ಲ ‘ಭಗವಂತ ಬಾಳಲಿ’ ಅಂತ ಕೂಗಿದ ಗದ್ದಲಕ್ಕೆ ಉಪದೇಶವೇ ನಿಂತುಹೋಯಿತು. ಸೀನಿದವನಿಗೆ ಬಾಳು ಅಂದದ್ದರಿಂದ ಅವನು ಬದುಕುತ್ತಾನೆಯೇ, ಸಾಯುತ್ತಾನೆಯೇ ಅಂತ ಬುದ್ಧ ಕೇಳಿದ. ಇಲ್ಲ ಅಂದರು. ಹಾಗಾದರೆ ಇನ್ನು ಮೇಲೆ ಅನ್ನಬೇಡಿ ಅಂದ. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಆಮೇಲೆ ಭಿಕ್ಷುಗಳು ಸೀನಿದಾಗ ಊರಿನ ಜನ ‘ಬಾಳಿರಿ ಸ್ವಾಮಿ’ ಅಂದರೆ ಇವರು ನಿಯಮಕ್ಕೆ ಹೆದರಿ ಬಾಯಿ ಬಿಡಲಿಲ್ಲ. ಹಾರೈಸಿದರೆ ಒಂದು ಮಾತೂ ಆಡದ ಇವರು ಎಂಥವರು ಅಂತ ಜನ ಬೇಸರಪಟ್ಟರು. ಆಗ ಬುದ್ಧ ನಿಯಮ ಸಡಿಲಿಸಿದ. ಸಂಸಾರಸ್ಥರಿಗೆ ಮಂಗಳದ ಮಾತು ಬೇಕು, ಅವರು ಹಾರೈಸಿದರೆ ನೀವು ತಿರುಗಿ ‘ಚಿರಂ ಜೀವ’ ಅನ್ನಿ ಅಂದ.

ನನಗೆ ಈ ಪ್ರಸಂಗ ಬಹಳ ಹಿಡಿಸಿದೆ. ಮಾತಿನಿಂದ ಆಯುಸ್ಸು ಬೆಳೆಯುವುದಿಲ್ಲ ಅಂತ ಒಪ್ಪಿಕೊಂಡ ಮೇಲೂ, ಹಾರೈಸಿದವರ ಮುಖಕ್ಕೆ ಬಾಯಿ ಮುಚ್ಚಿಕೊಂಡು ಕೂರಬಾರದು ಅಂತ ಎಷ್ಟು ಚೆನ್ನಾಗಿ ತಿಳಿದಿದ್ದ! ಜಾತಕ ಕಥೆಗಳಲ್ಲೂ ಸೀನಿನ ಕಥೆಯೊಂದಿದೆ, ಗಗ್ಗ ಜಾತಕ ಅಂತ. ಕಾಶಿಯ ಹೊರಗಿನ ಛತ್ರದಲ್ಲಿದ್ದ ಯಕ್ಷನಿಗೆ, ಸೀನು ಬಂದಾಗ ‘ಬಾಳು’ ಅನ್ನದವರನ್ನೂ ತಿರುಗಿ ‘ನೀನೂ ಬಾಳು’ ಅನ್ನದವರನ್ನೂ ತಿನ್ನುವ ಅಪ್ಪಣೆ ಇತ್ತಂತೆ. ಅಲ್ಲಿ ತಂಗಿದ್ದ ಅಪ್ಪ ಮಗ ನೂರಿಪ್ಪತ್ತು ವರ್ಷ ಬಾಳು ಅಂತ ಒಬ್ಬರಿಗೊಬ್ಬರು ಹೇಳಿಕೊಂಡು ಉಳಿದರು. ನಿನ್ನ ತುರ್ಕಿ ಅಜ್ಜಿಯ ‘ಚೋಕ್ ಯಶಾ’ ಕೂಡ ಬಹಳ ಕಾಲ ಬಾಳು ಅಂತಲೇ. ಅದಕ್ಕೆ ‘ಸೆನ್ ದೆ ಗ್ಯೋರ್’ ಅನ್ನಬೇಕು, ಅದನ್ನು ನೋಡಲು ನೀನೂ ಇರು ಅಂತ. ಪಾಪುವಿನ ಪರವಾಗಿ ನೀನೇ ಅನ್ನು.

ಆ ಅಜ್ಜಿ ಕೊಟ್ಟ ನೀಲಿ ಮಣಿಯ ವಿಷಯ. ಅದನ್ನು ಅವರು ‘ನಜರ್’ ಅನ್ನುತ್ತಾರೆ ಅಂದೆ. ನಮ್ಮ ಬೀದಿಯ ಸಾಬರ ಮನೆಗಳಲ್ಲೂ ಅದೇ ಮಾತು: ‘ನಜರ್ ಲಗೀ’. ನೋಟ ಅನ್ನುವ ಅರಬ್ಬಿ ಮಾತು ಒಂದು ಕಡೆ ತುರ್ಕಿಗೆ ಹೋಯಿತು, ಇನ್ನೊಂದು ಕಡೆ ಪಾರಸಿ, ಉರ್ದು ದಾಟಿ ಯಲಹಂಕಕ್ಕೆ ಬಂತು. ಯಾವ ಹೆಸರಿನಿಂದ ಕರೆದರೂ ಕಣ್ಣಿನ ಭಯ ಒಂದೇ. ಕಲ್ಲೇಟು ಬಿದ್ದರೂ ಕಣ್ಣೇಟು ಬೀಳಬಾರದು ಅಂತ ತಮಿಳಿನವರ ಗಾದೆ. ಮನುಷ್ಯನ ದೃಷ್ಟಿಗೆ ಚಪ್ಪಡಿ ಕಲ್ಲೂ ಸೀಳುತ್ತದೆ ಅಂತ ತೆಲುಗಿನವರದು. ಇಲ್ಲಿ ಹೊಸ ಮನೆ ಏಳುತ್ತಿದ್ದರೆ ಯಾರದೇ ಆಗಲಿ, ಮುಂದೆ ರಾಕ್ಷಸನ ಮುಖ ಬರೆದ ಬೂದುಗುಂಬಳ ತೂಗುತ್ತದೆ. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ತಿಪ್ಪಯ್ಯ ಅಂತ ಕರೆಯುತ್ತಿದ್ದರು. ತೆಲುಗಿನ ಪೆಂಟಯ್ಯನೂ ಅವನೇ.

ದೃಷ್ಟಿ ತೆಗೆಯುವುದು ಹೇಗೆ ಅಂತಲೂ ಕೇಳಿದೆ. ಮುಸ್ಸಂಜೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು. ಮುಷ್ಟಿಯಲ್ಲಿ ಕಲ್ಲುಪ್ಪು, ಸಾಸಿವೆ, ಮೂರು ಒಣಮೆಣಸಿನಕಾಯಿ. ಅದನ್ನು ಮಗುವಿನ ಸುತ್ತ ಬಲಕ್ಕೆ ಮೂರು ಸಲ, ಎಡಕ್ಕೆ ಮೂರು ಸಲ ನೀವಾಳಿಸಿ, ನಾಯಿ ಕಣ್ಣಿನಿಂದ ಹಿಡಿದು ನೆಂಟರ ಕಣ್ಣಿನವರೆಗೆ ಎಲ್ಲರ ಕಣ್ಣನ್ನೂ ಹೆಸರಿಸಿ, ಮೂರು ಸಲ ‘ಥೂ’ ಅನ್ನಿಸಿ ಒಲೆಗೆ ಹಾಕುವುದು. ಘಾಟು ಬರದಿದ್ದರೆ ದೃಷ್ಟಿ ಜೋರಾಗಿತ್ತು ಅಂತ ಲೆಕ್ಕ. ನಾನು ಒಲೆಯ ಮುಂದೆ ಗಮನವಿಟ್ಟು ನೋಡಿದ್ದೇನೆ. ಕೆಂಡ ನಿಗಿನಿಗಿ ಅನ್ನುತ್ತಿದ್ದರೆ ಮೆಣಸಿನಕಾಯಿ ಭಗ್ಗನೆ ಹೊತ್ತಿ ಉರಿದುಹೋಗುತ್ತದೆ, ಖಾರವೂ ಸುಟ್ಟುಹೋಗಿ ಘಾಟು ಕಡಿಮೆ. ಬೆಂಕಿ ಮಂದವಾಗಿದ್ದರೆ ಹೊಗೆಯಾಡಿ ಮನೆಯವರೆಲ್ಲ ಕೆಮ್ಮುತ್ತಾರೆ. ಘಾಟು ಹೇಳುವುದು ಬೆಂಕಿಯ ಸಂಗತಿ, ಕಣ್ಣಿನದಲ್ಲ. ನೀನು ಬಾಣಲೆಯಲ್ಲಿ ಹಾಕಿದರೆ ಮೆಣಸಿನಕಾಯಿ ಕಮರಿ ಕೂಸಿನ ಎಳೆಯ ಶ್ವಾಸಕೋಶಕ್ಕೆ ಹೊಗೆ, ನಿನ್ನ ಮನೆಯ ಹೊಗೆ ಅಲಾರಮ್ಮಿಗೆ ಕೆಲಸ. ನೀವಾಳಿಸು, ಆದರೆ ಸುಡಬೇಡ, ಹೊರಗೆ ಎಸೆದುಬಿಡು. ದೃಷ್ಟಿಬೊಟ್ಟು ಅಂಗಾಲಿಗೋ ಕಿವಿಯ ಹಿಂದೆಯೋ ಇರಲಿ, ಕಣ್ಣಿಗೆ ಕಾಡಿಗೆ ಬೇಡ. ಅಂಗಡಿಯ ಕೆಲವು ಕಾಡಿಗೆ, ಸುರ್ಮಾಗಳಲ್ಲಿ ಸೀಸ ಇರುತ್ತದೆ, ಕೂಸು ಕಣ್ಣುಜ್ಜಿ ಅದೇ ಬೆರಳನ್ನು ಚೀಪುತ್ತದೆ. ನೀಲಿ ಮಣಿಯನ್ನು ತಳ್ಳುಗಾಡಿಯ ಹೊರಬದಿಗೆ ಕಟ್ಟು, ಕೈಗೆ ಎಟುಕಬಾರದು.

ಆ ‘ಥೂ ಥೂ ಥೂ’ ನಿನ್ನ ಊರಲ್ಲೂ ಇದೆ. ಜರ್ಮನರು ಒಳ್ಳೆಯ ಸುದ್ದಿ ಹೇಳಿ ಮೇಜು ತಟ್ಟುತ್ತ ‘ತೊಯ್ ತೊಯ್ ತೊಯ್’ ಅನ್ನುತ್ತಾರಲ್ಲ, ಅದು ಮೂರು ಸಲ ಉಗುಳುವ ಸದ್ದೇ ಅಂತ ಅವರ ನಿಘಂಟು ಹೇಳುತ್ತದೆ.

ಇನ್ನು ನಿನ್ನ ದೊಡ್ಡಪ್ಪನ ‘ಟಚ್ ವುಡ್’. ಗಾಲಿ ಕಾರ್ಖಾನೆಯಲ್ಲಿ ನಾನಾ ಭಾಷೆಯವರ ಜೊತೆ ದುಡಿದ ಅವರಿಗೆ ಅದು ಬಾಯಿಗೆ ಹತ್ತಿಬಿಟ್ಟಿದೆ. ಈಗ ಬಿ.ಪಿ. ಸರಿಯಿದೆ ಅಂದರೂ ಮರ ಹುಡುಕುತ್ತಾರೆ. ಮರದೊಳಗಿನ ದೇವತೆಗಳನ್ನು ಎಬ್ಬಿಸುವ ಪ್ರಾಚೀನ ಪದ್ಧತಿ ಅದು ಅಂತ ಎಲ್ಲರೂ ಹೇಳುತ್ತಾರೆ. ಇಂಗ್ಲೆಂಡಿನ ಜಾನಪದ ವಿದ್ವಾಂಸ ಸ್ಟೀವ್ ರೌಡ್ ಹುಡುಕಿದಾಗ ಹತ್ತೊಂಬತ್ತನೇ ಶತಮಾನಕ್ಕಿಂತ ಹಿಂದೆ ಅದರ ಸುಳಿವು ಸಿಗಲಿಲ್ಲ. ಮರ ಮುಟ್ಟಿದವರು ಔಟಾಗದ ಮಕ್ಕಳ ಆಟವೊಂದರಿಂದ ಬಂದಿರಬೇಕು ಅಂತ ಅವರ ಅಭಿಪ್ರಾಯ. ನೀವು ಅಂಗಳದಲ್ಲಿ ಆಡುತ್ತಿದ್ದ ಕಲ್ಲು-ಮಣ್ಣು ಆಟದ ಹಾಗೆ.

ನಮ್ಮಲ್ಲಿ ‘ಬಿಡ್ತು ಅನ್ನು’ ಇತ್ತಲ್ಲ, ಅದರ ಬದಲಿಗೆ ಇದು ಬಂತು ಅಂತ ನೀನು ಅಂದೆ. ನನಗೆ ಹಾಗನ್ನಿಸುವುದಿಲ್ಲ. ‘ಬಿಡ್ತು ಅನ್ನು’ ಅನ್ನುವುದು ಕೆಟ್ಟ ಮಾತು ಆಡಿದಾಗ. ಅಸ್ತು ದೇವತೆಗಳು ಕೇಳಿ ‘ತಥಾಸ್ತು’ ಅನ್ನುವ ಮೊದಲೇ ಆಡಿದವರ ಬಾಯಿಂದಲೇ ಅದನ್ನು ವಾಪಸು ತೆಗೆಸುವುದು. ‘ಟಚ್ ವುಡ್’ ಒಳ್ಳೆಯ ಮಾತು ಆಡಿದ ಮೇಲೆ. ಆ ಜಾಗದಲ್ಲಿ ನಮ್ಮ ಹೆಂಗಸರು ‘ನನ್ನ ಕಣ್ಣೇ ತಾಗೀತು’ ಅಂತ ಮಗುವಿನ ಕೆನ್ನೆ ಸವರಿ ತಮ್ಮ ಹಣೆಯ ಪಕ್ಕ ನೆಟಿಗೆ ಮುರಿಯುತ್ತಿದ್ದರು. ಪಕ್ಕದ ಮನೆಯವರು ‘ಮಾಶಾಅಲ್ಲಾಹ್’ ಅನ್ನುತ್ತಾರೆ. ಆಫೀಸಿನಲ್ಲಿ ಯಾರ ಕೆನ್ನೆ ಸವರುವುದು? ಅದಕ್ಕೇ ಮೇಜು ಮುಟ್ಟುವುದು ಬಂತು. ‘ಬಿಡ್ತು ಅನ್ನು’ ಮಾತ್ರ ಕದಲಲಿಲ್ಲ. ಮೊನ್ನೆ ನಿನ್ನ ದೊಡ್ಡಪ್ಪ ‘ನಾನಿನ್ನು ಎಷ್ಟು ದಿನವೋ’ ಅಂದಾಗ ನನ್ನ ಬಾಯಿಂದ ಬಂದದ್ದು ಅದೇ. ಅವರು ಕೂಡಲೇ ‘ಬಿಡ್ತು’ ಅಂದರು.

ಪಾಪುವಿಗೆ ನೀನು ‘ಚಿರಂಜೀವಿ’ ಅನ್ನು. ಮುಂದಿನ ಲಸಿಕೆ ಯಾವತ್ತು ಅಂತ ತಿಳಿಸು, ಆವತ್ತು ರಾತ್ರಿ ಜ್ವರ ಬಂದರೆ ಎಷ್ಟೊತ್ತಾದರೂ ಫೋನು ಮಾಡು.

ನಿನ್ನ
ದೊಡ್ಡಮ್ಮ